ಪ್ರಾಂಶುಪಾಲರಿಗೊಂದು ಪತ್ರ, ಗಾಳಿಯ ಲೆಕ್ಕದ ಸಮೇತ

ಹಳೆಯ ಪಿಯು ಕಾಲೇಜುಗಳ ರಸಾಯನಶಾಸ್ತ್ರ ಪ್ರಯೋಗಾಲಯದ ಮೂಲೆಯಲ್ಲಿ, ಮೇಲಕ್ಕೆ ಸರಿಸುವ ಗಾಜಿನ ಬಾಗಿಲಿರುವ ಒಂದು ಮರದ ಗೂಡು ಕಾಣಸಿಗುತ್ತದೆ. ಅದೇ ಫ್ಯೂಮ್ ಕಬೋರ್ಡ್. ವಿಷಾನಿಲ ಹೊಮ್ಮುವ ಪ್ರಯೋಗಗಳನ್ನು ಅದರೊಳಗೆ ಮಾಡಬೇಕು, ಅನಿಲವನ್ನು ಫ್ಯಾನು ಹೊರಗೆ ಎಳೆದುಹಾಕಬೇಕು. ಅದು ಕೆಟ್ಟಾಗ ಉಪನ್ಯಾಸಕರು ಪ್ರಾಂಶುಪಾಲರಿಗೆ ಬರೆಯುವ ಪತ್ರದಲ್ಲಿ ಸಾಮಾನ್ಯವಾಗಿ ಒಂದೇ ಕಾರಣ ಇರುತ್ತದೆ: ‘ತುಂಬಾ ಹಳೆಯದಾಗಿದೆ, ಹೊಸದು ಕೊಡಿಸಬೇಕಾಗಿ ವಿನಂತಿ.’ ಬೆಂಚು ಹಳೆಯದು, ಚಾವಣಿಯೂ ಸೋರುತ್ತಿದೆ. ಹಾಗಾಗಿ ಆ ಪತ್ರ ಕಡತದಲ್ಲೇ ಉಳಿದರೆ ಪ್ರಾಂಶುಪಾಲರನ್ನು ದೂರಿ ಫಲವಿಲ್ಲ.

ಪತ್ರ ಹೇಳಬೇಕಾದದ್ದು ಗೂಡಿನ ವಯಸ್ಸನ್ನಲ್ಲ, ಅದು ಗಾಳಿಯನ್ನು ಎಷ್ಟು ಎಳೆಯುತ್ತಿದೆ ಎಂಬುದನ್ನು.

ಮೊದಲು ಅಪಾಯ ಯಾವುದೆಂದು ಬರೆಯಬೇಕು. ಲವಣ ವಿಶ್ಲೇಷಣೆಯಲ್ಲಿ ನೈಟ್ರೇಟ್ ಗುರುತಿಸಲು ಲವಣಕ್ಕೆ ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನೂ ತಾಮ್ರದ ಚೂರುಗಳನ್ನೂ ಹಾಕಿ ಬಿಸಿಮಾಡುತ್ತೇವೆ. ಆಗ ಏಳುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಅದನ್ನು ಹೆಚ್ಚು ಉಸಿರಾಡಿದವರಿಗೆ ಆ ಹೊತ್ತಿಗೆ ಸ್ವಲ್ಪ ಕೆಮ್ಮು ಬಂದು ಹೋಗಬಹುದು. ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆಗಳ ನಂತರ, ಹುಡುಗ ಮನೆ ಸೇರಿದ ಮೇಲೆ. ಎರಡನೆಯ ಗುಂಪಿನ ಲೋಹಗಳಿಗೆ ಬಳಸುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯದು. ಅತಿ ಕಡಿಮೆ ಇದ್ದಾಗಲೂ ಮೂಗಿಗೆ ಗೊತ್ತಾಗುತ್ತದೆ. ಆದರೆ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 100 ಭಾಗ ಮುಟ್ಟಿದರೆ ಮೂಗೇ ಮರಗಟ್ಟಿ ವಾಸನೆ ತಿಳಿಯದಂತಾಗುತ್ತದೆ. ವಾಸನೆ ನಿಂತಿತು, ಇನ್ನು ಭಯವಿಲ್ಲ ಎಂದುಕೊಳ್ಳುವುದು ಇಲ್ಲಿ ಅತ್ಯಂತ ಅಪಾಯದ ಮಾತು.

ಇನ್ನು ಅಳತೆ. ಅನಿಮೋಮೀಟರ್ ಎಂಬ ಅಂಗೈಯಗಲದ ಗಾಳಿಮಾಪಕ ಸಾಕು. ಬಾಗಿಲನ್ನು ಕೆಲಸ ಮಾಡುವಷ್ಟು ಎತ್ತರಕ್ಕೆ ಏರಿಸಿ, ತೆರೆದ ಜಾಗದ ಮೇಲೆ, ನಡುವೆ, ಕೆಳಗೆ, ಎಡ ಬಲಗಳಲ್ಲಿ ಗಾಳಿಯ ವೇಗ ಅಳೆದು ಸರಾಸರಿ ತೆಗೆಯಬೇಕು. ಸೆಕೆಂಡಿಗೆ ಅರ್ಧ ಮೀಟರು ಇದ್ದರೆ ಒಳ್ಳೆಯದೆಂಬುದು ಸಾಮಾನ್ಯ ರೂಢಿ. ಬ್ರಿಟನ್ನಿನ ಶಾಲೆಗಳ ಮಾರ್ಗಸೂಚಿ ಕನಿಷ್ಠ 0.3 ಮೀಟರಾದರೂ ಇರಲಿ ಎನ್ನುತ್ತದೆ. ಸರಾಸರಿ ಚೆನ್ನಾಗಿದ್ದು ಒಂದು ಮೂಲೆಯಲ್ಲಿ ಮಾತ್ರ ವೇಗ ಬಿದ್ದುಹೋಗಿದ್ದರೆ ಅನಿಲ ಅಲ್ಲಿಂದಲೇ ಹೊರಬರುತ್ತದೆ. ಹಾಗಾಗಿ ಪ್ರತಿ ಜಾಗದ ಅಂಕಿಯನ್ನೂ ಪತ್ರದಲ್ಲಿ ಬರೆಯಬೇಕು. ಅಳೆಯುವಾಗ ಒಮ್ಮೆ ಚಾವಣಿಯ ಫ್ಯಾನು ಹಾಕಿ, ಒಮ್ಮೆ ಆರಿಸಿ ನೋಡಿ. ತಲೆಯ ಮೇಲೆ ತಿರುಗುವ ಫ್ಯಾನು ಗೂಡಿನ ಬಾಯಿಯ ಗಾಳಿಯನ್ನು ಕದಡಿ, ಒಳಗಿನ ಹೊಗೆಯನ್ನು ಹುಡುಗರ ಮುಖಕ್ಕೇ ತರಬಲ್ಲದು. ಇದಕ್ಕೆ ಸ್ವಿಚ್ಚು ಆರಿಸಿದರೆ ಸಾಕು, ಹಣ ಬೇಡ. ಪ್ರಾಮಾಣಿಕವಾದ ಪತ್ರ ಅದನ್ನೂ ಹೇಳಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ಗೂಡಿನ ಬಾಯಿ 1.2 ಮೀಟರು ಅಗಲ, ಬಾಗಿಲು ಏರಿಸಿದ್ದು 0.4 ಮೀಟರು ಎಂದಿಟ್ಟುಕೊಳ್ಳಿ. ತೆರೆದ ಜಾಗ 0.48 ಚದರ ಮೀಟರು. ಅರ್ಧ ಮೀಟರು ವೇಗ ಬೇಕೆಂದರೆ ಸೆಕೆಂಡಿಗೆ 0.24, ಅಂದರೆ ಗಂಟೆಗೆ 864 ಘನ ಮೀಟರು ಗಾಳಿಯನ್ನು ಎಳೆಯಬೇಕು. ಅಳತೆಯಲ್ಲಿ 0.15 ಮೀಟರು ಬಂದರೆ ಬೇಕಾದುದರ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಅಡುಗೆಮನೆಗೆ ಹಾಕುವಂಥ ಎಕ್ಸಾಸ್ಟ್ ಫ್ಯಾನು ಬರಿಯ ಗೋಡೆಯ ಕಿಂಡಿಯಲ್ಲಿ ಚೆನ್ನಾಗಿ ತಿರುಗಿದರೂ ಉದ್ದದ ಕೊಳವೆಗೆ ಜೋಡಿಸಿದರೆ ಸೋಲುತ್ತದೆ, ಏಕೆಂದರೆ ಕೊಳವೆಯ ತಡೆಯನ್ನು ಮೀರಿ ಗಾಳಿ ನೂಕುವ ಒತ್ತಡ ಅದಕ್ಕಿಲ್ಲ. ಅದಕ್ಕೆ ಬೇಕಾದದ್ದು ಸೆಂಟ್ರಿಫ್ಯೂಗಲ್ ಬ್ಲೋವರ್.

ಆದ್ದರಿಂದ ಬೇಡಿಕೆಯನ್ನು ‘ಹೊಸ ಗೂಡು’ ಎಂದಷ್ಟೇ ಬರೆದರೆ ಮೋಸಹೋಗುತ್ತೇವೆ. ಹೊಳೆಯುವ ಹೊಸ ಗೂಡು ಬಂದು ಹಳೆಯ ಫ್ಯಾನಿಗೇ ಜೋಡಣೆಯಾದರೆ ವೇಗ ಅಷ್ಟೇ ಉಳಿಯುತ್ತದೆ. ಗೂಡು, ಆಮ್ಲದ ಆವಿಗೆ ತುಕ್ಕು ಹಿಡಿಯದ ಪಿವಿಸಿ ಕೊಳವೆ, ಬ್ಲೋವರ್, ಪಕ್ಕದ ತರಗತಿಯ ಕಿಟಕಿಗೆ ಬಾರದಂತೆ ಚಾವಣಿಯ ಮೇಲಕ್ಕೆ ಏರಿಸಿದ ಹೊರದಾರಿ, ಇವೆಲ್ಲ ಒಂದೇ ಕೊಟೇಶನ್‌ನಲ್ಲಿ ಬರಬೇಕು. ಅಳವಡಿಸಿದ ಮೇಲೆ ಗಾಳಿಯ ವೇಗ ಅಳೆದು ತೋರಿಸಿದ ನಂತರವೇ ಹಣ ಪಾವತಿ ಎಂಬ ಷರತ್ತೂ ಅದರಲ್ಲಿರಲಿ. ಕಾಲೇಜು ಅಭಿವೃದ್ಧಿ ಸಮಿತಿಯ ಮುಂದೆ ಇಂಥ ಪತ್ರ ಇಟ್ಟು ಮಾತನಾಡುವುದು ಪ್ರಾಂಶುಪಾಲರಿಗೂ ಸುಲಭ.

ಕೊನೆಯ ಪ್ಯಾರಾ ಹೀಗಿರಲಿ: ‘ಮಾನ್ಯರೇ, ದುರಸ್ತಿಯಾಗುವವರೆಗೆ ಈ ಗೂಡಿನಲ್ಲಿ ವಿಷಾನಿಲದ ಪ್ರಯೋಗಗಳನ್ನು ಮಾಡಿಸುವುದಿಲ್ಲ. ಬಾಗಿಲಿಗೆ ಬಳಸಬಾರದೆಂಬ ಚೀಟಿ ಅಂಟಿಸಿದ್ದೇನೆ.’ ಹಣ ಬರುವವರೆಗೆ ಮಕ್ಕಳನ್ನು ಕಾಯುವುದು ಈ ಎರಡು ವಾಕ್ಯಗಳೇ. ಉಪನ್ಯಾಸಕ ಮಿತ್ರರೇ, ಇವನ್ನು ಬಿಟ್ಟು ಪತ್ರಕ್ಕೆ ಸಹಿ ಹಾಕಬೇಡಿ.