ಶಾಶ್ವತ ಸೇವೆಯ ಹಣ ಎಲ್ಲಿದೆ?

ವರ್ಷಕ್ಕೊಮ್ಮೆ ಮಠದಿಂದಲೋ ದೇವಸ್ಥಾನದ ಸೇವಾ ಟ್ರಸ್ಟಿನಿಂದಲೋ ಒಂದು ವಾರ್ಷಿಕ ವರದಿ ಮನೆಗೆ ಬರುತ್ತದೆ. ಮೊದಲಿಗೆ ಆಶೀರ್ವಚನ, ಆಮೇಲೆ ಜಾತ್ರೆಯ ಫೋಟೋಗಳು, ದಾನಿಗಳ ಪಟ್ಟಿ. ಕೊನೆಯ ಎರಡು ಪುಟಗಳಲ್ಲಿ ಜಮಾ-ಖರ್ಚು. ಪಟ್ಟಿಯಲ್ಲಿ ನಮ್ಮ ಹೆಸರು, ಊರು ಸರಿಯಾಗಿ ಅಚ್ಚಾಗಿದೆಯೇ ಎಂದು ನೋಡಿ ಮಡಚಿಡುವುದು ವಾಡಿಕೆ. ಆದರೆ ದಾನಿಗೆ ಬೇಕಾದದ್ದೆಲ್ಲ ಇರುವುದು ಆ ಕೊನೆಯ ಎರಡು ಪುಟಗಳಲ್ಲೇ.

ಒಂದು ಕಾಲ್ಪನಿಕ ಟ್ರಸ್ಟನ್ನು ತೆಗೆದುಕೊಳ್ಳೋಣ. ಅನ್ನದಾನ ಮತ್ತು ವಿದ್ಯಾರ್ಥಿ ನಿಲಯ ಅದರ ಕೆಲಸ. ವರದಿಯ ಪ್ರಕಾರ ಆ ವರ್ಷ ಬಂದ ಹಣ 1 ಕೋಟಿ 20 ಲಕ್ಷ, ಖರ್ಚಾದದ್ದು 72 ಲಕ್ಷ. ಕೂಡಲೇ ಯಾರಾದರೂ ಕೇಳುವುದು: ಉಳಿದ 48 ಲಕ್ಷ ಏನಾಯಿತು?

ಇಡೀ 48 ಲಕ್ಷ ಉಳಿತಾಯವಲ್ಲ. ಬಂದದ್ದರಲ್ಲಿ 30 ಲಕ್ಷ ಶಾಶ್ವತ ಸೇವೆಗೆಂದು ಭಕ್ತರು ಕೊಟ್ಟದ್ದು. ತಂದೆಯ ತಿಥಿಯಂದೋ ಮಗಳ ಹುಟ್ಟುಹಬ್ಬದಂದೋ ಪ್ರತಿವರ್ಷ ಅನ್ನದಾನ ನಡೆಯಲಿ ಎಂದು ಒಮ್ಮೆಗೇ ಕಟ್ಟುವ ಹಣ ಅದು. ಅಸಲನ್ನು ಮುಟ್ಟದೆ ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಬಡ್ಡಿಯನ್ನಷ್ಟೇ ಬಳಸಬೇಕು. ಆದ್ದರಿಂದ ಖರ್ಚು ಮಾಡಬಹುದಾದ ವರಮಾನ 90 ಲಕ್ಷ: ಹುಂಡಿ 40, ಸಾಮಾನ್ಯ ದೇಣಿಗೆ 25, ದಿನನಿತ್ಯದ ಸೇವೆ 15, ಠೇವಣಿ ಬಡ್ಡಿ 10. ನಿಜವಾಗಿ ಉಳಿದದ್ದು 18 ಲಕ್ಷ.

ಶಾಶ್ವತ ಸೇವೆಯ ಕಷ್ಟ ಇರುವುದು ಆ ಬಡ್ಡಿಯಲ್ಲಿ. ತೊಂಬತ್ತರ ದಶಕದ ನಡುವೆ ಬ್ಯಾಂಕು ಠೇವಣಿಗೆ ಶೇ. 12ರ ಆಸುಪಾಸು ಬಡ್ಡಿ ಕೊಡುತ್ತಿದ್ದ ಕಾಲವಿತ್ತು. ಆಗ 5,000 ರೂಪಾಯಿ ಕಟ್ಟಿದವರ ಹೆಸರಿನಲ್ಲಿ ವರ್ಷಕ್ಕೆ 600 ರೂಪಾಯಿ ಬರುತ್ತಿತ್ತು. ಬಡ್ಡಿ ಶೇ. 7ಕ್ಕೆ ಇಳಿದರೆ ಅದೇ ಹಣಕ್ಕೆ 350. ಅಕ್ಕಿ, ಬೇಳೆ, ಗ್ಯಾಸ್ ಮಾತ್ರ ಎಷ್ಟೋ ಪಟ್ಟು ಏರಿವೆ. ಶಾಶ್ವತ ಎಂದು ರಸೀದಿ ಕೊಟ್ಟಾಗಿದೆ, ಸೇವೆ ನಿಲ್ಲಿಸುವಂತಿಲ್ಲ. ಹುಂಡಿಯ ಹಣದಿಂದ ತುಂಬಿಕೊಡಬೇಕು. ಹೀಗೆ ಎಷ್ಟು ತುಂಬಿಕೊಟ್ಟೆವು ಎಂದು ಒಂದು ಸಾಲು ಬರೆಯುವ ವರದಿಯ ಮೇಲೆ ನನಗೆ ನಂಬಿಕೆ ಹೆಚ್ಚು.

ಈಗ ಆಸ್ತಿ-ಹೊಣೆಯ ಪುಟಕ್ಕೆ ಬನ್ನಿ. ವರ್ಷದ ಆರಂಭದಲ್ಲಿ ಶಾಶ್ವತ ನಿಧಿ 1 ಕೋಟಿ 50 ಲಕ್ಷ ಇತ್ತು. ಹೊಸ 30 ಲಕ್ಷ ಸೇರಿ 1 ಕೋಟಿ 80 ಲಕ್ಷ ಆಗಬೇಕು, ಆಗಿದೆ. ಎದುರು ಬದಿಯಲ್ಲಿ ಮಾರ್ಚ್ 31ರಂದು ಇರುವ ಬ್ಯಾಂಕ್ ಠೇವಣಿ ಎಷ್ಟು? 1 ಕೋಟಿ 65 ಲಕ್ಷ. 15 ಲಕ್ಷ ಕಡಿಮೆ! ಹಣವನ್ನು ಯಾರೂ ಜೇಬಿಗೆ ಹಾಕಿಕೊಂಡಿಲ್ಲ, ಹೊಸ ಊಟದ ಮನೆಗೆ ಹಾಕಿದ್ದಾರೆ. ಅದು ಕಟ್ಟಡದ ಲೆಕ್ಕದಲ್ಲಿ ಕಾಣುತ್ತದೆ. ಉದ್ದೇಶವೇನೋ ಒಳ್ಳೆಯದೇ. ಆದರೆ ಕಟ್ಟಡ ಬಡ್ಡಿ ತರುವುದಿಲ್ಲ. ಮುಂದಿನ ವರ್ಷದಿಂದ ಅಷ್ಟೂ ಶಾಶ್ವತ ಸೇವೆಗಳ ಭಾರ ಹುಂಡಿಯ ಮೇಲೆ ಬೀಳುತ್ತದೆ.

ಇದಕ್ಕಿಂತ ದೊಡ್ಡ ಎಡವಟ್ಟು ತೆರಿಗೆಯದು. ಆದಾಯ ತೆರಿಗೆ ವಿನಾಯಿತಿ ಪಡೆದ ಟ್ರಸ್ಟು ವರಮಾನದ ಶೇ. 85ನ್ನು ತನ್ನ ಉದ್ದೇಶಕ್ಕೆ ಬಳಸಬೇಕು. 90 ಲಕ್ಷಕ್ಕೆ ಅದು 76.5 ಲಕ್ಷ, ಇಲ್ಲಿ ಬಳಸಿದ್ದು 72. ಊಟದ ಮನೆಯ 15 ಲಕ್ಷವನ್ನು ಇದಕ್ಕೆ ಸೇರಿಸಿಕೊಳ್ಳೋಣ ಎಂದರೆ ಆಗದು: ಶಾಶ್ವತ ನಿಧಿಯಿಂದ ತೆಗೆದ ಹಣ ಮತ್ತೆ ಠೇವಣಿಗೆ ಬೀಳುವವರೆಗೆ ಬಳಕೆಯ ಲೆಕ್ಕಕ್ಕೆ ಬರುವುದಿಲ್ಲ. ಉಳಿದಿದ್ದ 18 ಲಕ್ಷದಲ್ಲೇ ಊಟದ ಮನೆ ಕಟ್ಟಿದ್ದರೆ ನಿಧಿಯೂ ಉಳಿಯುತ್ತಿತ್ತು, ಶೇ. 85ರ ಗಡಿಯೂ ದಾಟುತ್ತಿತ್ತು. ಯಾವ ಚೀಲದಿಂದ ಯಾವ ಖರ್ಚು ಎಂದು ಮೊದಲೇ ಕೂತು ಯೋಚಿಸದಿದ್ದರೆ ಹೀಗಾಗುತ್ತದೆ.

ಕೊರತೆ ಬಿದ್ದ 4.5 ಲಕ್ಷಕ್ಕೆ ದಾರಿ ಇದೆ. ಇಂಥ ಕೆಲಸಕ್ಕೆ ಕೂಡಿಡುತ್ತಿದ್ದೇವೆ ಎಂದು ಇಲಾಖೆಗೆ ಗಡುವಿನೊಳಗೆ ಬರೆದುಕೊಟ್ಟರೆ ಐದು ವರ್ಷದವರೆಗೆ ಇಟ್ಟುಕೊಳ್ಳಬಹುದು. ಆದ್ದರಿಂದ ವರದಿಯ ‘ಮುಂದಿನ ಯೋಜನೆಗಳು’ ಭಾಗವನ್ನು ಬರೀ ಸಂಕಲ್ಪವೆಂದು ಓದಬೇಡಿ. ‘ಸಮಾಜಮುಖಿ ಕಾರ್ಯಗಳ ವಿಸ್ತರಣೆ’ ಎಂದಿದ್ದರೆ ಏನೂ ಹೇಳಿದಂತಾಗಲಿಲ್ಲ. ‘ವಿದ್ಯಾರ್ಥಿ ನಿಲಯದ ಚಾವಣಿ ದುರಸ್ತಿ, 4.5 ಲಕ್ಷ, ಮುಂದಿನ ಬೇಸಿಗೆ ರಜೆಯಲ್ಲಿ’ ಎಂದಿದ್ದರೆ ಮರುವರ್ಷ ಕೇಳಲು ನಿಮ್ಮ ಕೈಯಲ್ಲಿ ಒಂದು ಪ್ರಶ್ನೆ ಇರುತ್ತದೆ.

ಅಂದಹಾಗೆ, ತೆರಿಗೆ ರಿಯಾಯಿತಿಗೆಂದು ದಾನ ಕೊಡುವವರು ನೆನಪಿಡಿ: 2,000 ರೂಪಾಯಿಗಿಂತ ಹೆಚ್ಚಿನ ಹಣವನ್ನು ನಗದಾಗಿ ಕೊಟ್ಟರೆ ರಿಯಾಯಿತಿ ಸಿಗದು.

ನೀವು ಶಾಶ್ವತ ಸೇವೆಗೆ ಹಣ ಕಟ್ಟಿದ್ದರೆ ಈ ಸಲದ ವರದಿಯಲ್ಲಿ ಎರಡು ಅಂಕಿ ಹುಡುಕಿ: ಶಾಶ್ವತ ನಿಧಿ ಎಷ್ಟು, ಅದರ ಠೇವಣಿ ಎಷ್ಟು. ಠೇವಣಿ ಕಡಿಮೆ ಇದ್ದರೆ ಕಾರ್ಯದರ್ಶಿಗಳಿಗೆ ಒಂದು ಕಾಗದ ಬರೆದು ಕೇಳಿ. ಕೊಟ್ಟವರು ಕೇಳಿದರೆ ತಪ್ಪೇನಿಲ್ಲ.