ಡಯಲ್ ಮೇಲಿನ ಒಂದು ಪದದ ಹಿಂದೆ ಹದಿನೈದು ದಿನದ ಪರೀಕ್ಷೆ

ಕೀ ಕೊಟ್ಟು ನಡೆಸುವ ವಾಚಿನ ಡಯಲ್ ಮೇಲೆ ಹಲವು ಬಗೆಯ ಬರಹಗಳಿರುತ್ತವೆ. ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ ಜನತಾ ವಾಚಿನ ಮೇಲೆ ‘17 ಜ್ಯೂವೆಲ್ಸ್’, ‘ಪ್ಯಾರಾಶಾಕ್’ ಎಂದಿರುವುದನ್ನು ಅನೇಕರು ನೋಡಿರುತ್ತಾರೆ. ಹಳೆಯ ಕೆಲವು ರೋಲೆಕ್ಸ್ ವಾಚುಗಳ ಮೇಲೆ ‘ಪ್ರಿಸಿಷನ್’ ಎಂದಿದೆ. ಇನ್ನು ಕೆಲವು ವಾಚುಗಳು ‘ಕ್ರೋನೋಮೀಟರ್’ ಎನ್ನುತ್ತವೆ. ಎಲ್ಲವೂ ಮೆಚ್ಚುಗೆಯ ಮಾತಿನಂತೆಯೇ ಕಾಣುತ್ತವೆ. ಆದರೆ ಕೊನೆಯದರ ತೂಕ ಬೇರೆ.

‘17 ಜ್ಯೂವೆಲ್ಸ್’ ಅಂದರೆ ಮೆಷಿನ್ನಿನ ಸವೆಯುವ ಜಾಗಗಳಲ್ಲಿ ಹದಿನೇಳು ಕೃತಕ ಮಾಣಿಕ್ಯಗಳಿವೆ ಎಂದರ್ಥ. ‘ಪ್ಯಾರಾಶಾಕ್’ ಅಂದರೆ ವಾಚು ಬಿದ್ದಾಗ ಬ್ಯಾಲೆನ್ಸ್ ಚಕ್ರದ ಅಚ್ಚು ಮುರಿಯದಂತೆ ಕಾಯುವ ಸ್ಪ್ರಿಂಗಿನ ವ್ಯವಸ್ಥೆ. ಎರಡೂ ನಿಜವಾದ ಗುಣಗಳೇ, ಆದರೆ ವಾಚು ದಿನಕ್ಕೆ ಎಷ್ಟು ಸೆಕೆಂಡು ತಪ್ಪುತ್ತದೆಂದು ಅವು ಹೇಳುವುದಿಲ್ಲ. ‘ಪ್ರಿಸಿಷನ್’ ಎಂಬುದು ಕಂಪನಿ ತಾನೇ ಹೇಳಿಕೊಂಡ ಮಾತು. ‘ಕ್ರೋನೋಗ್ರಾಫ್’ ಅಂದರೆ ಸ್ಟಾಪ್‌ವಾಚ್ ಸೌಲಭ್ಯವಿರುವ ವಾಚು. ಕ್ರೋನೋಮೀಟರಿಗೂ ಅದಕ್ಕೂ ಸಂಬಂಧವಿಲ್ಲ.

ಇಂದಿನ ಸ್ವಿಸ್ ವಾಚಿನ ಮೇಲೆ ‘ಕ್ರೋನೋಮೀಟರ್’ ಎಂದಿದ್ದರೆ, ಆ ವಾಚಿನ ಮೆಷಿನ್ನು ತಯಾರಕರ ಕೈಬಿಟ್ಟು ಬೇರೆಯವರ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದರ್ಥ. ಆ ಪರೀಕ್ಷೆ ನಡೆಸುವುದು 1973ರಲ್ಲಿ ಆರಂಭವಾದ ಸಿಒಎಸ್‌ಸಿ ಎಂಬ ಸ್ವಿಸ್ ಸಂಸ್ಥೆ. ವಾಚಿನ ಲೋಕದವರು ಅದನ್ನು ‘ಕೋಸ್ಕ್’ ಎನ್ನುತ್ತಾರೆ. ಪರೀಕ್ಷೆಯ ನಿಯಮಗಳು ಐಎಸ್‌ಒ 3159 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿವೆ. ಒಂದು ತಂಡದಿಂದ ನಾಲ್ಕಾರು ಮೆಷಿನ್ನು ಆರಿಸಿ ನೋಡುವ ಪದ್ಧತಿ ಇಲ್ಲಿಲ್ಲ. ಪ್ರತಿ ಮೆಷಿನ್ನಿಗೂ ಅದರದೇ ನಂಬರ್ ಕೆತ್ತಿರುತ್ತಾರೆ, ಪ್ರತಿಯೊಂದನ್ನೂ ಪರೀಕ್ಷಿಸುತ್ತಾರೆ.

ಪರೀಕ್ಷೆ ಹದಿನೈದು ದಿನ ನಡೆಯುತ್ತದೆ. ಮೆಷಿನ್ನು ಇನ್ನೂ ಕೇಸಿನೊಳಗೆ ಸೇರಿರುವುದಿಲ್ಲ. ಪರೀಕ್ಷೆಗೆಂದೇ ಒಂದು ಡಯಲ್, ಒಂದು ಸೆಕೆಂಡ್ ಮುಳ್ಳು ಹಾಕಿ, ದಿನವೂ ಕೀ ಕೊಟ್ಟು, ಇಪ್ಪತ್ತನಾಲ್ಕು ಗಂಟೆಗೊಮ್ಮೆ ಮುಳ್ಳು ಎಲ್ಲಿದೆ ಎಂದು ನಿಖರ ಸಮಯದೊಂದಿಗೆ ಹೋಲಿಸುತ್ತಾರೆ. ಮೊದಲ ಹತ್ತು ದಿನ 23 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ಭಂಗಿಗಳ ಪರೀಕ್ಷೆ, ಭಂಗಿಗೆ ಎರಡೆರಡು ದಿನ. ಮೂರು ಭಂಗಿಗಳಲ್ಲಿ ಮೆಷಿನ್ನು ಲಂಬವಾಗಿ ನಿಂತಿರುತ್ತದೆ; ಉಳಿದ ಎರಡರಲ್ಲಿ ಡಯಲ್ ಒಮ್ಮೆ ಮೇಲ್ಮುಖ, ಒಮ್ಮೆ ಕೆಳಮುಖ. ಆಮೇಲೆ 8 ಡಿಗ್ರಿಯ ಚಳಿಯಲ್ಲಿ ಒಂದು ದಿನ, ಮತ್ತೆ 23 ಡಿಗ್ರಿಗೆ ತಂದು ಒಂದು ದಿನ, 38 ಡಿಗ್ರಿಯ ಸೆಕೆಯಲ್ಲಿ ಒಂದು ದಿನ. ಕೊನೆಯ ಎರಡು ದಿನ ಮೊದಲಿನ ಸ್ಥಿತಿಗೆ ಮರಳಿಸಿ, ಮೊದಲಿನ ನಡೆಯೇ ಮರಳಿತೇ ಎಂದು ನೋಡುತ್ತಾರೆ.

ಭಂಗಿಗೆ ಇಷ್ಟು ಮಹತ್ವ ಕೊಡಲು ಕಾರಣ ಬ್ಯಾಲೆನ್ಸ್ ಚಕ್ರ. ಹೇರ್‌ಸ್ಪ್ರಿಂಗಿನ ಬಲದಿಂದ ಅತ್ತಿತ್ತ ತೂಗುವ ಈ ಚಕ್ರವೇ ವಾಚಿನ ಲಯ. ವಾಚು ಮಲಗಿರುವಾಗ ಚಕ್ರದ ಕೂದಲೆಳೆಯಂಥ ಅಚ್ಚು ತನ್ನ ತುದಿಯ ಮೇಲೆ ನಿಂತಿರುವುದರಿಂದ ಘರ್ಷಣೆ ಕಡಿಮೆ. ವಾಚನ್ನು ನಿಲ್ಲಿಸಿದಾಗ ಅಚ್ಚು ತನ್ನ ಪಕ್ಕೆಯ ಮೇಲೆ ಒರಗುತ್ತದೆ, ಘರ್ಷಣೆ ಹೆಚ್ಚುತ್ತದೆ, ತೂಗಾಟ ಚಿಕ್ಕದಾಗುತ್ತದೆ. ಚಕ್ರದ ಒಂದು ಬದಿ ಒಂದಿಷ್ಟೇ ಭಾರವಿದ್ದರೂ ನಿಂತ ಭಂಗಿಯಲ್ಲಿ ಭೂಮಿಯ ಸೆಳೆತ ಅದನ್ನು ಎಳೆದು ಲಯ ಕೆಡಿಸುತ್ತದೆ.

ಪ್ರಮಾಣಪತ್ರದ ನಿಯಮಗಳಲ್ಲಿ ಹೆಚ್ಚು ಪ್ರಚಾರವಾಗಿರುವುದು ಒಂದೇ. ಸಾಮಾನ್ಯ ಗಾತ್ರದ ಮೆಷಿನ್ನಿನ ಸರಾಸರಿ ನಡೆ ದಿನಕ್ಕೆ 4 ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳಬಾರದು, 6 ಸೆಕೆಂಡಿಗಿಂತ ಹೆಚ್ಚು ಮುಂದೆ ಓಡಬಾರದು. ಜಾಹೀರಾತುಗಳಲ್ಲಿ ಇದೇ ಬರುತ್ತದೆ. ಆದರೆ ಏಳು ನಿಯಮಗಳಲ್ಲಿ ಇದು ಒಂದು ಮಾತ್ರ, ಉಳಿದ ಆರೂ ನೋಡುವುದು ಸ್ಥಿರತೆಯನ್ನು. ಅದನ್ನು ಅರಿಯಲು ಎರಡು ವಾಚುಗಳ ಲೆಕ್ಕ ಮಾಡಿ ನೋಡೋಣ.

ಮೊದಲನೆಯ ವಾಚು ಮಲಗಿದ ಎರಡು ಭಂಗಿಗಳಲ್ಲಿ ದಿನಕ್ಕೆ 14 ಮತ್ತು 16 ಸೆಕೆಂಡು ಮುಂದೆ ಓಡುತ್ತದೆ ಎನ್ನಿ. ನಿಂತ ಮೂರು ಭಂಗಿಗಳಲ್ಲಿ 9, 10 ಮತ್ತು 11 ಸೆಕೆಂಡು ಹಿಂದೆ ಬೀಳುತ್ತದೆ. ಕೂಡಿ ಕಳೆದರೆ ಸರಾಸರಿ ಸರಿಯಾಗಿ ಸೊನ್ನೆ! ಎರಡನೆಯದು ಐದೂ ಭಂಗಿಗಳಲ್ಲಿ ಕ್ರಮವಾಗಿ 3, 4, 5, 4, 6 ಸೆಕೆಂಡು ಮುಂದೆ ಓಡುತ್ತದೆ, ಸರಾಸರಿ 4.4 ಸೆಕೆಂಡು. ತಿಂಗಳಿಗೆ ಎರಡು ನಿಮಿಷಕ್ಕೂ ಮೇಲೆ ಮುಂದಾಗುವ ವಾಚಿದು.

ಸರಾಸರಿಯೊಂದನ್ನೇ ನೋಡುವವರು ಮೊದಲನೆಯದನ್ನು ಆರಿಸುತ್ತಾರೆ. ಕೋಸ್ಕ್ ಅದನ್ನು ತಿರಸ್ಕರಿಸುತ್ತದೆ. ಯಾವುದೇ ಭಂಗಿಯ ನಡೆ ಸರಾಸರಿಯಿಂದ 10 ಸೆಕೆಂಡಿಗಿಂತ ದೂರ ಹೋಗಬಾರದೆಂಬುದು ನಿಯಮ. ಇಲ್ಲಿ 16ರವರೆಗೆ ಹೋಗಿದೆ. ನಿಂತ ಮತ್ತು ಮಲಗಿದ ಭಂಗಿಗಳ ನಡುವೆಯೂ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಅಂತರವಿದೆ, ನಿಯಮ ಒಪ್ಪುವುದು ಹೆಚ್ಚೆಂದರೆ 8. ಎರಡನೆಯ ವಾಚು ಈ ಎರಡೂ ಕಡೆ ಸುಲಭವಾಗಿ ದಾಟುತ್ತದೆ. ದಿನವೂ ತಪ್ಪದೆ ಐದು ನಿಮಿಷ ತಡವಾಗಿ ಬರುವ ಬಸ್ಸನ್ನು ನಂಬಿ ಮನೆಯಿಂದ ಹೊರಡಬಹುದು. ಇಂದು ಕಾಲು ಗಂಟೆ ಮೊದಲು, ನಾಳೆ ಕಾಲು ಗಂಟೆ ತಡವಾಗಿ ಬರುವ ಬಸ್ಸನ್ನು ನಂಬಲಾಗದು. ಒಂದೇ ಸಮನೆ ಮುಂದೋಡುವ ವಾಚನ್ನು ರಿಪೇರಿಯವರು ರೆಗ್ಯುಲೇಟರನ್ನು ಕೊಂಚ ಸರಿಸಿ ಹದಕ್ಕೆ ತರುತ್ತಾರೆ. ಭಂಗಿಗೊಂದು ನಡೆಯ ವಾಚಿನಲ್ಲಿ ರೆಗ್ಯುಲೇಟರ್ ಸರಿಸಿದರೆ ಎಲ್ಲ ಭಂಗಿಗಳೂ ಒಟ್ಟಿಗೇ ಸರಿಯುತ್ತವೆ, ನಡುವಿನ ಅಂತರ ಹಾಗೇ ಉಳಿಯುತ್ತದೆ.

ಸಾಮಾನ್ಯ ವಾಚಿನ ಕೈಪಿಡಿಯಲ್ಲಿ ‘ದಿನಕ್ಕೆ ಇಷ್ಟು ಸೆಕೆಂಡು’ ಎಂದಿರುವುದು ತಯಾರಕರ ಸ್ವಂತ ಮಾತು. ಸೀಕೋ ಕಂಪನಿಯ 4ಆರ್36 ಮೆಷಿನ್ನಿಗೆ ಅವರೇ ಹೇಳುವ ಮಿತಿ 35 ಸೆಕೆಂಡು ಹಿಂದಿನಿಂದ 45 ಸೆಕೆಂಡು ಮುಂದಿನವರೆಗೆ. ಕೈಗೆ ಬಂದ ವಾಚು ಎಷ್ಟೋ ಸಲ ಇದಕ್ಕಿಂತ ಚೆನ್ನಾಗಿಯೇ ನಡೆಯುತ್ತದೆ, ಆದರೆ ಆ ಒಂದು ವಾಚಿನ ಪರವಾಗಿ ಹೊರಗಿನವರ ಸಾಕ್ಷಿ ಇಲ್ಲ. ಹಾಗೆಂದು ಕಂಪನಿಯ ಒಳಪರೀಕ್ಷೆ ಕಳಪೆ ಎಂದೇನಲ್ಲ. ರೋಲೆಕ್ಸ್ ಕೋಸ್ಕ್ ಆದಮೇಲೂ ಕೇಸಿಗೆ ಸೇರಿಸಿದ ವಾಚನ್ನು ತಾನೇ ಪರೀಕ್ಷಿಸಿ ದಿನಕ್ಕೆ 2 ಸೆಕೆಂಡು ಹಿಂದೆ ಅಥವಾ ಮುಂದೆ ಎಂಬ ಮಿತಿ ಇಟ್ಟುಕೊಂಡಿದೆ. ಒಮೆಗಾದ ‘ಮಾಸ್ಟರ್ ಕ್ರೋನೋಮೀಟರ್’ ವಾಚುಗಳನ್ನು ಕೋಸ್ಕ್ ನಂತರ ಸ್ವಿಸ್ ಸರ್ಕಾರದ ಮಾಪನ ಸಂಸ್ಥೆ ಮೆಟಾಸ್‌ನ ನಿಯಮದಂತೆ, ಬಲವಾದ ಅಯಸ್ಕಾಂತಕ್ಕೂ ಒಡ್ಡಿ, ಮತ್ತೆ ಪರೀಕ್ಷಿಸುತ್ತಾರೆ.

ಈ ಎರಡನೇ ಸುತ್ತು ಬೇಕಾಗಿರುವುದು ಕೋಸ್ಕ್ ಪರೀಕ್ಷೆಗೊಂದು ಮಿತಿಯಿರುವುದರಿಂದ. ಅದು ನೋಡಿದ್ದು ಬರಿಯ ಮೆಷಿನ್ನನ್ನು, ಅದೂ ಆ ಹದಿನೈದು ದಿನ ಮಾತ್ರ. ಕೇಸಿಗೆ ಸೇರಿಸುವಾಗ, ಸಾಗಣೆಯಲ್ಲಿ, ಕೈಜಾರಿ ಬಿದ್ದಾಗ ನಡೆ ಬದಲಾಗಬಹುದು. ವರ್ಷಗಳು ಕಳೆದಂತೆ ಎಣ್ಣೆ ಒಣಗುತ್ತದೆ. ಚೆನ್ನಾಗಿದ್ದ ವಾಚು ಒಮ್ಮೆಲೇ ದಿನಕ್ಕೆ ನಿಮಿಷಗಟ್ಟಲೆ ಮುಂದೋಡತೊಡಗಿದರೆ ಅಯಸ್ಕಾಂತದ ಸೋಂಕನ್ನು ಶಂಕಿಸಬೇಕು: ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ ಸ್ಪ್ರಿಂಗು ಗಿಡ್ಡವಾದಂತಾಗಿ ಚಕ್ರ ವೇಗವಾಗಿ ತೂಗುತ್ತದೆ. ದಿಕ್ಸೂಚಿಯ ಹತ್ತಿರ ವಾಚನ್ನು ಹಿಡಿದಾಗ ಸೂಜಿ ಜೋರಾಗಿ ಅಲುಗಾಡಿದರೆ ಶಂಕೆ ಬಲವಾಗುತ್ತದೆ. ಅಯಸ್ಕಾಂತ ತೆಗೆಯುವ ಯಂತ್ರ ಇರುವ ಅಂಗಡಿಯಲ್ಲಿ ಇದು ಕ್ಷಣದ ಕೆಲಸ.

ಪ್ರಮಾಣಪತ್ರವಿಲ್ಲದ ನಿಮ್ಮ ವಾಚಿನ ಗುಣವನ್ನೂ ಮನೆಯಲ್ಲೇ ಅಳೆಯಬಹುದು. ಪೂರ್ತಿ ಕೀ ಕೊಟ್ಟು, ಫೋನಿನ ಸಮಯಕ್ಕೆ ಹೊಂದಿಸಿ, ಒಂದು ದಿನ ಡಯಲ್ ಮೇಲ್ಮುಖವಾಗಿ ಮಲಗಿಸಿಡಿ. ಎಷ್ಟು ಸೆಕೆಂಡು ಹೆಚ್ಚುಕಡಿಮೆಯಾಯಿತೆಂದು ಬರೆದುಕೊಳ್ಳಿ. ಮರುದಿನ ಮತ್ತೆ ಕೀ ಕೊಟ್ಟು, ಕೀ ಕೆಳಗೆ ಬರುವಂತೆ ನಿಲ್ಲಿಸಿಟ್ಟು ಹಾಗೆಯೇ ಅಳೆಯಿರಿ. ಎರಡು ಅಂಕಿಗಳು ಹತ್ತಿರವಿದ್ದರೆ, ದಿನಕ್ಕೆ ಹದಿನೈದು ಸೆಕೆಂಡು ಮುಂದೋಡಿದರೂ ಅದು ಹದಕ್ಕೆ ಬರುವ ಒಳ್ಳೆಯ ವಾಚು. ಅಂತರ ದೊಡ್ಡದಿದ್ದರೆ ಸರ್ವಿಸ್‌ಗೆ ಕೊಡುವಾಗ ಆ ಎರಡು ಅಂಕಿಗಳನ್ನೂ ಹೇಳಿ. ‘ವಾಚು ಮುಂದೆ ಓಡುತ್ತದೆ’ ಎಂಬ ದೂರಿಗಿಂತ ರಿಪೇರಿಯವರಿಗೆ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.