ಸೆಕೆಂಡಿಗೆ ಮೂರೇ ಮಿಂಚು

1997ರ ಡಿಸೆಂಬರ್ 16, ಮಂಗಳವಾರ ಸಂಜೆ. ಜಪಾನಿನ ಮಕ್ಕಳು ಎಂದಿನಂತೆ ಟಿವಿ ಮುಂದೆ ಕೂತು ಪೋಕೆಮಾನ್ ನೋಡುತ್ತಿದ್ದರು. ಕಂತು ಶುರುವಾಗಿ ಸುಮಾರು ಇಪ್ಪತ್ತು ನಿಮಿಷಕ್ಕೆ ಪಿಕಾಚು ತನ್ನ ವಿದ್ಯುತ್ತಿನಿಂದ ಕ್ಷಿಪಣಿಗಳನ್ನು ಸಿಡಿಸಿತು. ಆಗ ಪರದೆ ಪೂರ್ತಿ ಕೆಂಪು, ನೀಲಿ, ಕೆಂಪು, ನೀಲಿ ಎಂದು ಕೆಲವು ಸೆಕೆಂಡು ಪಟಪಟನೆ ಹೊಡೆದುಕೊಂಡಿತು. ಆ ರಾತ್ರಿ 685 ಮಕ್ಕಳನ್ನು ಆಂಬುಲೆನ್ಸ್‌ಗಳಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಕೆಲವರಿಗೆ ತಲೆಸುತ್ತು, ವಾಂತಿ, ಕಣ್ಣು ಮಂಜು. ಇನ್ನು ಕೆಲವರಿಗೆ ನಿಜವಾದ ಫಿಟ್ಸ್. ಅದುವರೆಗೆ ಒಮ್ಮೆಯೂ ಫಿಟ್ಸ್ ಬಂದಿರದ ಮಕ್ಕಳೂ ಅವರಲ್ಲಿದ್ದರು. ಸುದ್ದಿವಾಹಿನಿಗಳು ಏನಾಯಿತೆಂದು ತೋರಿಸಲು ಅದೇ ತುಣುಕನ್ನು ಮತ್ತೆ ಬಿತ್ತರಿಸಿ ಇನ್ನಷ್ಟು ಜನರನ್ನು ಅಸ್ವಸ್ಥರನ್ನಾಗಿಸಿದ್ದು ಈ ಕಥೆಯ ಅತ್ಯಂತ ಅವಿವೇಕದ ಭಾಗ.

ಕಣ್ಣಿಗೆ ಬೆಳಕು ಬಿದ್ದಾಗಲೆಲ್ಲ ಮಿದುಳಿನ ಹಿಂಭಾಗದ ದೃಷ್ಟಿಕೇಂದ್ರದಲ್ಲಿ ನರಕೋಶಗಳು ಸ್ಪಂದಿಸುತ್ತವೆ. ಮಿನುಗು ಒಂದೇ ಲಯದಲ್ಲಿ ಬರತೊಡಗಿದರೆ ಅವೂ ಒಟ್ಟಾಗಿ ಆ ಲಯಕ್ಕೆ ಬೀಳುತ್ತವೆ. ಹೆಚ್ಚಿನವರಲ್ಲಿ ಅದು ಅಲ್ಲಿಗೇ ಅಡಗುತ್ತದೆ. ಬೆಳಕಿಗೆ ಸೂಕ್ಷ್ಮರಾದವರಲ್ಲಿ ಮಾತ್ರ ತಡೆ ಸಾಲದೆ, ಅದು ಉಳಿದ ಭಾಗಕ್ಕೂ ಹಬ್ಬಿ ಮೂರ್ಛೆಯಾಗುತ್ತದೆ. ಅಪಸ್ಮಾರ ಇರುವವರಲ್ಲಿ ಇಂಥವರು ನೂರಕ್ಕೆ ಮೂರರಿಂದ ಐದು ಮಂದಿ. ಹದಿಹರೆಯದ ಆಸುಪಾಸಿನಲ್ಲಿ ಇದು ಹೆಚ್ಚು. ಸೆಕೆಂಡಿಗೆ ಹದಿನೈದರಿಂದ ಇಪ್ಪತ್ತೈದು ಸಲ ಮಿನುಗುವ ಬೆಳಕು ಇವರಿಗೆ ಅತಿ ಅಪಾಯಕಾರಿ. ಮೂರಕ್ಕಿಂತ ಕಡಿಮೆಯಾದರೆ ಅಪಾಯ ಬಹಳ ಅಪರೂಪ.

ಸುರಕ್ಷತೆಯ ನಿಯಮ ಹುಟ್ಟಿದ್ದು ಈ ಲೆಕ್ಕದಿಂದಲೇ: ಯಾವುದೇ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಮಿಂಚು ಇರಕೂಡದು. ಬೆಳಕು ಏರಿ ಇಳಿದರೆ, ಅಥವಾ ಇಳಿದು ಏರಿದರೆ, ಅದು ಒಂದು ಮಿಂಚು. ಟಿವಿಯವರ ನಿಯಮದಲ್ಲಿ ಪರದೆಯ ಕಾಲು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಮಿನುಗುವುದಕ್ಕೆ ವಿನಾಯಿತಿ ಇದೆ. ಮಂಕಾದ, ಏರಿಳಿತ ಕಡಿಮೆ ಇರುವ ಮಿನುಗೂ ಲೆಕ್ಕಕ್ಕೆ ಬರುವುದಿಲ್ಲ.

ಈ ಅಳತೆಗೋಲನ್ನು ಪೋಕೆಮಾನ್ ದೃಶ್ಯಕ್ಕೆ ಹಿಡಿದು ನೋಡಿ. ಅಲ್ಲಿ ಸೆಕೆಂಡಿಗೆ ಸುಮಾರು ಹನ್ನೆರಡು ಮಿಂಚು, ಅಂದರೆ ಮಿತಿಯ ನಾಲ್ಕು ಪಟ್ಟು. ಜಾಗವೋ, ಇಡೀ ಪರದೆ. ಆದರೆ ಆ ಕೆಂಪು ಮತ್ತು ನೀಲಿಯ ನಡುವೆ ಹೊಳಪಿನ ವ್ಯತ್ಯಾಸ ಹೆಚ್ಚಿರಲಿಲ್ಲ. ಬರೀ ಹೊಳಪನ್ನಷ್ಟೇ ಅಳೆದಿದ್ದರೆ ದೃಶ್ಯ ತಪ್ಪಿಸಿಕೊಳ್ಳುವ ಸಾಧ್ಯತೆ ಇತ್ತು. ಕಡುಗೆಂಪಿಗೆ ಹೋಗಿಬರುವ ಬದಲಾವಣೆಯನ್ನು, ಹೊಳಪು ಎಷ್ಟೇ ಇರಲಿ, ಪ್ರತ್ಯೇಕವಾಗಿ ಎಣಿಸಬೇಕೆಂಬ ನಿಯಮದ ಮಹತ್ವ ಇಲ್ಲಿ ತಿಳಿಯುತ್ತದೆ.

ನಮ್ಮ ಮದುವೆ ವಿಡಿಯೊ, ರೀಲ್ಸ್ ಎಡಿಟರ್‌ಗಳಿಗೂ ಈ ಲೆಕ್ಕ ಹೊಸದಲ್ಲ, ಬೇರೆ ಹೆಸರಿನಲ್ಲಿ ಗೊತ್ತಿರುತ್ತದೆ ಅಷ್ಟೆ. ಹಾಡಿನ ತಾಳ ನಿಮಿಷಕ್ಕೆ 120 ಬೀಟ್ ಇದೆ ಎನ್ನಿ. ಪ್ರತಿ ಬೀಟ್‌ಗೆ ಒಂದೊಂದು ಬಿಳಿ ಫ್ಲ್ಯಾಶ್ ಹಾಕಿದರೆ ಸೆಕೆಂಡಿಗೆ ಎರಡು, ತೊಂದರೆಯಿಲ್ಲ. ಕುಣಿತ ಜೋರಾದಾಗ ಅರ್ಧ ಬೀಟ್‌ಗೂ ಹಾಕಿದರೆ ಸೆಕೆಂಡಿಗೆ ನಾಲ್ಕಾಯಿತು, ಮಿತಿ ದಾಟಿತು. ಟೈಮ್‌ಲೈನಿನಲ್ಲೂ ಇದನ್ನು ಕಾಣಬಹುದು. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೊದಲ್ಲಿ ಒಂದು ಮಿಂಚಿನ ಆರಂಭದಿಂದ ಮುಂದಿನದರ ಆರಂಭಕ್ಕೆ ಕನಿಷ್ಠ 9 ಫ್ರೇಮ್ ಅಂತರ ಬೇಕು. ಅರ್ಧ ಬೀಟ್‌ನಲ್ಲಿ ಸಿಗುವುದು ಆರೇ ಫ್ರೇಮ್.

ಸರಿಪಡಿಸುವುದು ಕಷ್ಟವಲ್ಲ. ಒಂದು ಬಿಟ್ಟು ಒಂದು ಫ್ಲ್ಯಾಶ್ ತೆಗೆದುಹಾಕಬಹುದು. ಇಲ್ಲವೇ ಬಿಳಿ ಪದರದ ಒಪ್ಯಾಸಿಟಿ ತಗ್ಗಿಸಿ ಏರಿಳಿತವನ್ನು ಸೌಮ್ಯಗೊಳಿಸಬಹುದು. ಕೆಂಪಾದರೆ ಬಣ್ಣದ ಸಾಂದ್ರತೆ ಇಳಿಸಬಹುದು. ಎಡಿಟರ್ ಕೈಮೀರಿ ಮಿಂಚು ಬರುವುದು ಡಿಸ್ಕೊ ಲೈಟಿನ ಕುಣಿತ ಮತ್ತು ನೂರು ಕ್ಯಾಮೆರಾ ಒಟ್ಟಿಗೆ ಮಿಂಚುವ ಪತ್ರಿಕಾಗೋಷ್ಠಿಯಲ್ಲಿ. ಅಲ್ಲಿ ಒಂದು ಫ್ರೇಮ್ ಹಿಡಿದು ನಿಲ್ಲಿಸುವುದು, ಬೇರೆ ಕೋನದ ಶಾಟ್ ಹಾಕುವುದು, ದೃಶ್ಯವನ್ನು ಪರದೆಯ ಒಂದು ಮೂಲೆಗೆ ಚಿಕ್ಕದಾಗಿ ಸರಿಸುವುದೇ ದಾರಿ. ವೇಗ ಹೆಚ್ಚಿಸಿದ ಶಾಟ್ ಬಗ್ಗೆ ಎಚ್ಚರ ಬೇಕು: ಸೆಕೆಂಡಿಗೆ ಎರಡು ಮಿಂಚಿದ್ದ ಕ್ಲಿಪ್ಪನ್ನು ದುಪ್ಪಟ್ಟು ವೇಗಕ್ಕೆ ಓಡಿಸಿದರೆ ನಾಲ್ಕಾಗುತ್ತದೆ.

ಕಣ್ಣಳತೆಯನ್ನು ಮಾತ್ರ ನಂಬುವಂತಿಲ್ಲ. ನೂರು ಸಲ ನೋಡಿದ ಎಡಿಟರ್‌ಗೆ ಮಿಂಚು ಸಹಜವಾಗಿ ಕಾಣುತ್ತದೆ. 2007ರ ಜೂನ್‌ನಲ್ಲಿ ಲಂಡನ್ ಒಲಿಂಪಿಕ್ಸ್ ಲಾಂಛನ ಪರಿಚಯಿಸುವ ವಿಡಿಯೊದಲ್ಲಿ, ಈಜುಗಾರ ಕೊಳಕ್ಕೆ ಧುಮುಕುವ ಪುಟ್ಟ ತುಣುಕೇ ವೀಕ್ಷಕರಿಗೆ ತೊಂದರೆ ಕೊಟ್ಟಿತೆಂಬ ದೂರು ಬಂದು ಅದನ್ನು ತೆಗೆದುಹಾಕಬೇಕಾಯಿತು. ಪ್ರತಿ ಫ್ರೇಮ್ ಅಳೆಯುವ ಹಾರ್ಡಿಂಗ್ ಪರೀಕ್ಷೆ ಬ್ರಿಟನ್ನಿನ ಟಿವಿಗಳಲ್ಲಿ ವಾಡಿಕೆ.

“ಈ ವಿಡಿಯೊದಲ್ಲಿ ಮಿನುಗುವ ದೃಶ್ಯಗಳಿವೆ” ಎಂಬ ಸಾಲು ಹಾಕಿ ಕೈತೊಳೆದುಕೊಳ್ಳುವವರೂ ಇದ್ದಾರೆ. ತಾನಾಗಿಯೇ ಓಡುವ ರೀಲ್ಸ್‌ನಲ್ಲಿ ಅದನ್ನು ಓದುವಷ್ಟರಲ್ಲಿ ಮಿಂಚು ಮುಗಿದಿರುತ್ತದೆ. ಜಾಲತಾಣಗಳ ಅಂತರರಾಷ್ಟ್ರೀಯ ಮಾನದಂಡವೂ ಎಚ್ಚರಿಕೆ ಕೊಟ್ಟ ಮಾತ್ರಕ್ಕೆ ವಿನಾಯಿತಿ ನೀಡುವುದಿಲ್ಲ. ಅಂಥ ದೃಶ್ಯ ದಿಢೀರನೆ ಎದುರಾದರೆ ಸೂಕ್ಷ್ಮವಾದವರು ಕಣ್ಣು ಮುಚ್ಚಿದರೆ ಸಾಲದು, ರೆಪ್ಪೆಯ ಮೂಲಕವೂ ಬೆಳಕು ನುಗ್ಗುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಮುಖ ಬೇರೆಡೆ ತಿರುಗಿಸಬೇಕು.